ಎಡಗಡೆಯ ಹೊಲಿಗೆ

ನಲವತ್ತಾರನೇ ವಯಸ್ಸಿನಲ್ಲಿ ಹೊಲಿಗೆ ಕಲಿಯಲು ಹೋಗುತ್ತೇನೆ ಎಂದಾಗ ನಮ್ಮ ಮನೆಯವರು ಕೊಟ್ಟ ಪ್ರೋತ್ಸಾಹವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದಿದ್ದ ನನ್ನ ಗಂಡ ಕಾಫಿ ಲೋಟ ಕೆಳಗಿಡದೆ, "ನನ್ ಶರ್ಟ್ ಬಟನ್ ಬಿದ್ದೋಗಿ ಎಷ್ಟ್ ದಿನ ಆಯ್ತು? ಮೊದ್ಲು ಅದ್ ಹಾಕು, ಆಮೇಲೆ ಕಲ್ಯಕ್ಕೆ ಹೋಗು" ಎಂದರು. ಮಗಳು ಮೊಬೈಲಿನಿಂದ ಕಣ್ಣೆತ್ತದೆ "ಸೂಪರ್ ಮಮ್ಮಿ" ಎಂದಳು. ಅವಳು ಉಪ್ಪಿಟ್ಟಿಗೂ ಅದನ್ನೇ ಹೇಳುತ್ತಾಳೆ, ತಿನ್ನದೆ ಎದ್ದು ಹೋಗುವಾಗ.

ಇದಕ್ಕೆಲ್ಲ ಕಾರಣ ನಮ್ಮಮ್ಮ. ಕುಣಿಗಲ್‌ನಲ್ಲಿ ನನ್ನ ತಂಗಿ ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ದಿನ ಗೊತ್ತಾಗಿತ್ತು. ಗುಬ್ಬಿಯಲ್ಲಿ ಅಣ್ಣನ ಜೊತೆ ಇರುವ ಅಮ್ಮ ಮಾತ್ರ ನಾನು ಬರುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಳು. ಮೊದಲು ಕಾಲು ನೋವು ಎಂದಳು. ತಂಗಿ ಕಾರು ಕಳಿಸುತ್ತೇನೆ ಎಂದ ಮೇಲೆ ಕಾಲು ನೋವು ವಾಸಿಯಾಗಿ, ಕಾರಿನಲ್ಲಿ ಕೂತರೆ ವಾಂತಿ ಬರುತ್ತದೆ ಎಂದಾಯಿತು. ಮಾತ್ರೆ ತಂದುಕೊಟ್ಟ ಮೇಲೆ, "ಹಾಕ್ಕಳ್ಳಕ್ಕೆ ಒಂದು ನೆಟ್ಟಗಿರೋ ಬ್ಲೌಸ್ ಇಲ್ಲ, ಹೋಗ್ರೇ ಅತ್ಲಾಗೆ" ಎಂದಳು. ತಂಗಿ ಫೋನಿನಲ್ಲಿ ಅತ್ತಳು. ಹೆತ್ತ ತಾಯಿ ಬಾರದೆ ಹಾಲುಕ್ಕಿಸುವುದು ಹೇಗೆ ಎಂದು ಅವಳ ಸಂಕಟ. ಬಿದರೆಹಳ್ಳಿ ಕಾವಲ್ ಕಡೆ ಕೆಲಸಕ್ಕೆ ಹೋಗುವ ನಮ್ಮಣ್ಣ ಮಹಾ ಜಾಣ. ಅವನು ಹೇಳಿದ ಪರಿಹಾರ ಇದು: "ನೈಟಿ ಮೇಲೆ ಒಂದು ಶಾಲು ಹೊದ್ಕೊಂಡು ಬರ್ಲಿ ಬುಡು, ವಯಸ್ಸಾದೋರ್ನ ಯಾರ್ ನೋಡ್ತಾರೆ?"

ಗುಬ್ಬಿಯಲ್ಲಿ ಟೈಲರ್‌ಗಳಿಗೆ ಬರವಿಲ್ಲ. ಆದರೆ ಅಮ್ಮ ಯಾವ ಟೈಲರ್ ಹತ್ತಿರವೂ ಹೋಗಲು ಒಪ್ಪುತ್ತಿರಲಿಲ್ಲ. ಈಗಿನವರಿಗೆಲ್ಲ ಬೆನ್ನಿಗೆ ಕಿಟಕಿ ಇಡುವುದು ಬಿಟ್ಟರೆ ಬೇರೇನೂ ಬರುವುದಿಲ್ಲ ಎಂದು ಅವಳ ವಾದ. ಹಾಗಾದರೆ ನಾನೇ ಕಲಿತು ಹೊಲಿದುಕೊಡುತ್ತೇನೆ ಎಂದು ನನ್ನ ಬಾಯಿ ಆಡಿಬಿಟ್ಟಿತು. ಅಳತೆಗೆಂದು ಬೀರುವಿನಿಂದ ಅವಳ ಒಂದು ಮೆರೂನ್ ಬಣ್ಣದ ಬ್ಲೌಸ್ ಎಳೆದುಕೊಂಡೆ. "ಅದ್ ಬೇಡ ಕಣೇ, ಅದು ಸರಿ ಇಲ್ಲ, ಅಲ್ಲೇ ಇಡು" ಎಂದು ಅಮ್ಮ ಕೂಗಿದಳು. ಅವಳು ಎಲ್ಲದಕ್ಕೂ ಬೇಡ ಎನ್ನುತ್ತಿದ್ದ ಕಾಲ ಅದು. ಕೇಳದೆ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ಬೀದಿ ಮುಗಿಯುವಲ್ಲಿ ಒಂದು ಲೇಡೀಸ್ ಟೈಲರ್ ಅಂಗಡಿ. ಅದರ ಒಡತಿ, ನನ್ನ ಗುರು, ನನಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವಳು. ಮೊದಲ ದಿನವೇ ನನ್ನನ್ನು "ಆಂಟಿ" ಎಂದು ಕರೆದು ನನ್ನ ಸ್ಥಾನ ಎಲ್ಲಿ ಎಂದು ತೋರಿಸಿದಳು. ಮೆಷಿನ್ ಮುಂದೆ ಕೂರಲು ಹೋದೆ. ಕೈ ಅಡ್ಡ ಹಿಡಿದು ಒಂದು ಸೂಜಿ, ಒಂದು ದಾರದ ಉಂಡೆ ಕೊಟ್ಟಳು.

"ಮೊದ್ಲು ಇದಕ್ಕೆ ದಾರ ಪೋಣಿಸಿ ಆಂಟಿ."

ನಾನೇನು ಜೀವಮಾನದಲ್ಲಿ ಸೂಜಿ ನೋಡದವಳೇ? ಹಲ್ಲಿನಲ್ಲಿ ದಾರ ಕಚ್ಚಿ ಹರಿದು, ಎಂಜಲು ಹಚ್ಚಿ, ಕಣ್ಣು ಕಿರಿದು ಮಾಡಿ ತೂರಿಸಿದೆ. ದಾರ ಸೂಜಿಯ ಎಡಕ್ಕೆ ಹೋಯಿತು. ಮತ್ತೆ ತೂರಿಸಿದೆ, ಬಲಕ್ಕೆ ಹೋಯಿತು. ತೋಳು ಪೂರ್ತಿ ಚಾಚಿ ಹಿಡಿದರೆ ಸೂಜಿಯ ಕಣ್ಣು ಕಾಣುತ್ತಿತ್ತು, ಆದರೆ ಇನ್ನೊಂದು ಕೈ ಅಲ್ಲಿಗೆ ಮುಟ್ಟುವ ಹೊತ್ತಿಗೆ ಮಂಜಾಗುತ್ತಿತ್ತು. ನನ್ನ ಬ್ಯಾಗಿನಲ್ಲಿ ಕನ್ನಡಕ ಇತ್ತು. ಅದು ಓದುವುದಕ್ಕೆ ಮಾತ್ರ ಎಂದು ನಾನು ಮನೆಯಲ್ಲಿ ಸಾರಿದ್ದೆ, ಮತ್ತು ಓದುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಇಪ್ಪತ್ತಾರರ ಹುಡುಗಿಯ ಎದುರು ಕನ್ನಡಕ ಹಾಕಿಕೊಂಡು "ಆಂಟಿ" ಅನ್ನುವುದನ್ನು ನಾನೇ ರುಜುವಾತು ಮಾಡಿಕೊಡಬೇಕಿತ್ತೇ?

ಗುರು ಸ್ವಲ್ಪ ಹೊತ್ತು ತಮಾಷೆ ನೋಡಿ ಆಮೇಲೆ ದಾರ ಕಸಿದುಕೊಂಡಳು. "ಹಲ್ಲಲ್ಲಿ ಕಚ್ಚಿದ್ರೆ ತುದಿ ಎಳೆ ಎಳೆ ಬಿಚ್ಕೊಳತ್ತೆ. ಕತ್ರೀಲಿ ಓರೆಯಾಗಿ ಕಟ್ ಮಾಡಿ. ಎಂಜ್ಲು ಹಚ್ಬೇಡಿ, ದಾರ ಊದ್ಕೊಳತ್ತೆ" ಎಂದಳು. ದಾರದ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ, ಸಾಸಿವೆ ಕಾಳಿನಷ್ಟು ಮಾತ್ರ ಹೊರಗೆ ಕಾಣುವ ಹಾಗೆ ಬಿಟ್ಟಳು. ದಾರವನ್ನು ಅಲುಗಿಸಲಿಲ್ಲ, ಸೂಜಿಯನ್ನೇ ತಂದು ಅದರ ಮೇಲೆ ಇಳಿಸಿದಳು. ಹಿಂದೆ ಒಂದು ಬಿಳಿ ಬಟ್ಟೆ ಇಟ್ಟುಕೊಂಡರೆ ಸೂಜಿಯ ಕಣ್ಣು ಎದ್ದು ಕಾಣುತ್ತದಂತೆ. ಇಷ್ಟೂ ದಿನ ಬಡಪಾಯಿ ದಾರವನ್ನು ತೂರಿಸಿ ತೂರಿಸಿ ಸಾಯಿಸಿದ್ದೆ. ಅದನ್ನು ಹೇಳಿಕೊಟ್ಟ ಮೇಲೂ ನನಗೆ ಒಂದು ವಾರ ಹಿಡಿಯಿತು. ತಪ್ಪು ವಿದ್ಯೆಯದ್ದಲ್ಲ, ಕಣ್ಣಿನದ್ದು. ಆದರೆ ಅದನ್ನು ಒಪ್ಪಿಕೊಳ್ಳುವ ವಂಶದಲ್ಲಿ ನಾನು ಹುಟ್ಟಿಲ್ಲ.

ಆಮೇಲೆ ಮೆಷಿನ್ ಸೂಜಿ. ಅದರ ಕಣ್ಣು ತಲೆಯಲ್ಲಿರದೆ ಮೂತಿಯಲ್ಲಿರುತ್ತದೆ. ಮೈ ಮೇಲೆ ಒಂದು ಕಡೆ ಉದ್ದಕ್ಕೆ ಗೀರಿರುತ್ತದೆ, ಆ ಗೀರಿನ ಕಡೆಯಿಂದಲೇ ದಾರ ಹಾಕಬೇಕು. ಇನ್ನೊಂದು ಕಡೆಯಿಂದ ಹಾಕಿದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ, ಇಲ್ಲವೇ ದಾರ ಪಟ್ಟನೆ ತುಂಡಾಗುತ್ತದೆ. ಎರಡನ್ನೂ ಮಾಡಿ ನೋಡಿದೆ. ಮೊದಲು ದಾರವೇ ಇಲ್ಲದೆ ಗೆರೆ ಹಾಕಿದ ಕಾಗದದ ಮೇಲೆ ಮೆಷಿನ್ ಓಡಿಸಬೇಕಿತ್ತು, ಗೆರೆಯ ಮೇಲೇ ತೂತು ಬೀಳುವ ಹಾಗೆ. ನನ್ನ ತೂತುಗಳು ಗೆರೆ ಬಿಟ್ಟು ಎಲ್ಲೆಲ್ಲೋ ಸುತ್ತಾಡಿಕೊಂಡು ಬರುತ್ತಿದ್ದವು.

ಅಂತೂ ಅಮ್ಮನ ಬ್ಲೌಸಿಗೆ ಕೈ ಹಾಕುವ ದಿನ ಬಂತು. ಬಟ್ಟೆ ಎಲ್ಲಿಯದು ಎಂದರೆ, ನಮ್ಮ ಮನೆಯ ಬ್ಲೌಸ್ ಪೀಸ್ ಭಂಡಾರದ್ದು. ನಮ್ಮ ಕಡೆ ಅರಿಶಿನ ಕುಂಕುಮಕ್ಕೆ ಬ್ಲೌಸ್ ಪೀಸ್ ಕೊಡುತ್ತಾರೆ, ತೆಗೆದುಕೊಂಡವರು ಅದನ್ನು ಮುಂದಿನ ಮನೆಗೆ ಕೊಡುತ್ತಾರೆ. ಅದನ್ನು ಹೊಲಿಸಿಕೊಳ್ಳುವುದು ಆಟದ ನಿಯಮಕ್ಕೇ ವಿರುದ್ಧ. ನಾನು ಆರಿಸಿದ ಹಸಿರು ಪೀಸು ತುಮಕೂರಿನ ಅರ್ಧ ಮನೆಗಳಿಗೆ ಹೋಗಿ ಬಂದಿತ್ತು; ಮಡಿಕೆಗಳು ಬಟ್ಟೆಯಲ್ಲೇ ಅಚ್ಚಾಗಿದ್ದವು. ನಾನು ಅದರ ತಿರುಗಾಟ ನಿಲ್ಲಿಸಿದೆ.

ಕತ್ತರಿಸುವ ಕೆಲಸ ಗುರುವೇ ಮಾಡಿದಳು. ಅಳತೆ ಬ್ಲೌಸನ್ನು ಮಧ್ಯಕ್ಕೆ ಮಡಿಸಿ, ಬಲಗಡೆ ಮೇಲೆ ಬರುವಂತೆ ಬಟ್ಟೆಯ ಮೇಲಿಟ್ಟು, ಸುತ್ತ ಚಾಕ್‌ಪೀಸಿನಲ್ಲಿ ಗೀಚಿ, ಎರಡು ಪದರವನ್ನೂ ಒಟ್ಟಿಗೆ ಕತ್ತರಿಸಿದಳು. ಅರ್ಧ ಅಳತೆ ತೆಗೆದರೆ ಸಾಕು, ಇನ್ನರ್ಧ ಹಾಗೇ ಇರುತ್ತದೆ ಎನ್ನುವುದು ಊರಿನ ಟೈಲರ್‌ಗಳೆಲ್ಲರ ನಂಬಿಕೆ. ಪಕ್ಕದಲ್ಲಿ ಒಂದೂವರೆ ಇಂಚು ಬಟ್ಟೆ ಹೆಚ್ಚಿಗೆ ಬಿಟ್ಟಳು. ಅದಕ್ಕೆ ಮಾರ್ಜಿನ್ ಎನ್ನುತ್ತಾರೆ. ಮೈಗೆ ಸರಿಯಾಗುವ ಕಡೆ ಒಂದು ಹೊಲಿಗೆ, ಅದರಾಚೆ ಮಾರ್ಜಿನ್ ಮೇಲೆ ಕಾಲಿಂಚಿಗೊಂದರಂತೆ ಇನ್ನೂ ಎರಡು ಹೊಲಿಗೆ. ದಪ್ಪಗಾದಾಗ ಒಳಗಿನ ಹೊಲಿಗೆ ಬಿಚ್ಚಿದರೆ ಪಕ್ಕದ್ದು ಕೆಲಸಕ್ಕೆ ಬರುತ್ತದೆ. ನಮ್ಮ ಹೆಂಗಸರು ದಪ್ಪಗಾಗುವುದರಲ್ಲಿ ಯಾರಿಗೂ ಅನುಮಾನವಿಲ್ಲದ್ದರಿಂದ ಈ ಏರ್ಪಾಟು.

ಪಕ್ಕದ ಹೊಲಿಗೆ ನನ್ನ ಪಾಲಿಗೆ ಬಂತು. ತೋಳಿನ ಅಂಚಿನಲ್ಲಿ ಶುರುಮಾಡಿ, ಕಂಕುಳಲ್ಲಿ ತಿರುಗಿಸಿಕೊಂಡು, ಸೊಂಟದವರೆಗೆ ಒಂದೇ ಓಟ. ಬಲಗಡೆ ಹೇಗೋ ದಾಟಿತು. ಎಡಗಡೆ ಕಂಕುಳಿನ ಹತ್ತಿರ ನಾಲ್ಕು ಪದರ ಬಟ್ಟೆ ಸೇರುವಲ್ಲಿ ಸೂಜಿ ತಡವರಿಸಿತು, ನಾನು ಹೆದರಿ ಜೋರಾಗಿ ತುಳಿದೆ. ಚಾಕ್‌ಪೀಸಿನ ಗೆರೆ ನನಗೆ ಕಂಡದ್ದು ಅಂದಾಜಿನ ಮೇಲೆ ಮಾತ್ರ. ಮುಗಿಸಿ ಹೆಮ್ಮೆಯಿಂದ ಗುರುವಿನ ಮುಂದೆ ಹಿಡಿದೆ.

"ಆಂಟಿ, ಇದ್ ಹೊಲಿಗೇನೋ ದೇವರಾಯನದುರ್ಗದ ಬೆಟ್ಟದ್ ರೋಡೋ? ಬಿಚ್ಚಿ."

"ಒಳಗಡೆ ತಾನೇ, ಯಾರಿಗ್ ಕಾಣತ್ತೆ?"

"ಹಾಕ್ಕೊಂಡೋರಿಗೆ ಚುಚ್ಚತ್ತೆ. ಬಿಚ್ಚಿ."

ಸಿಟ್ಟಿನಲ್ಲಿ ಎರಡು ಪದರವನ್ನೂ ಎರಡು ಕೈಯಲ್ಲಿ ಹಿಡಿದು ಪರ್‍ರನೆ ಎಳೆಯಲು ಹೋದೆ. ಗುರು ಕಿರುಚಿಕೊಂಡಳು. ಹಾಗೆ ಎಳೆದರೆ ದಾರದ ಬದಲು ಬಟ್ಟೆಯ ನೇಯ್ಗೆ ಬಾಯಿ ಬಿಡುತ್ತದಂತೆ, ಕಂಕುಳಿನ ಹತ್ತಿರ ಬಟ್ಟೆ ಓರೆಯಾಗಿ ಕತ್ತರಿಸಿರುವುದರಿಂದ ಜಗ್ಗಿ ಜೋತುಬೀಳುತ್ತದಂತೆ. ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆಯೊಂದನ್ನು ಕೈಗಿಟ್ಟಳು. ಹೊಲಿಗೆಯ ಎರಡು ತುದಿಯಲ್ಲೂ ಮೆಷಿನ್ ಹಿಂದೆ ಮುಂದೆ ಓಡಿಸಿ ಬಿಗಿ ಮಾಡಿರುತ್ತೇವಲ್ಲ, ಮೊದಲು ಅದನ್ನು ಒಂದೊಂದೇ ಎಳೆಯಾಗಿ ಬಿಡಿಸಬೇಕು. ಆಮೇಲೆ ಒಂದು ಮಗ್ಗುಲಲ್ಲಿ ಮೂರು ಹೊಲಿಗೆ ಬಿಟ್ಟು ನಾಲ್ಕನೆಯದರ ಕೆಳಗೆ ಕೊಕ್ಕೆ ತೂರಿಸಿ ದಾರ ಕತ್ತರಿಸಬೇಕು, ಹಾಗೇ ಕೊನೆಯವರೆಗೆ. ಬಟ್ಟೆ ತಿರುಗಿಸಿ ಇನ್ನೊಂದು ಮಗ್ಗುಲ ದಾರದ ತುದಿ ಹಿಡಿದು ಮೆಲ್ಲಗೆ ಎಳೆದರೆ ಅದು ಉದ್ದಕ್ಕೆ ಬಂದುಬಿಡುತ್ತದೆ, ಈಚೆಯ ತುಂಡುಗಳು ತಾವೇ ಉದುರುತ್ತವೆ.

ಹಸಿರು ಬಟ್ಟೆಯ ಮೇಲೆ ಹಸಿರು ದಾರ. ಮೊದಲ ಹೊಲಿಗೆಯೇ ಕಾಣಲಿಲ್ಲ. ಕೊಕ್ಕೆ ಬಟ್ಟೆಗೇ ತಗುಲಿತು. ತೂತು ಬಿದ್ದರೆ ಭಂಡಾರದಲ್ಲಿ ಅದೇ ಹಸಿರಿನ ಇನ್ನೊಂದು ಪೀಸಿಲ್ಲ. ಬೇರೆ ದಾರಿ ಕಾಣದೆ ಬ್ಯಾಗಿನಿಂದ ಕನ್ನಡಕ ತೆಗೆದು ಮೂಗಿಗೇರಿಸಿದೆ. ಗುರು ನಗು ತಡೆಯಲು ಮುಖ ಆ ಕಡೆ ತಿರುಗಿಸಿಕೊಂಡದ್ದು ನನಗೆ ಬಹಳ ಸ್ಪಷ್ಟವಾಗಿ ಕಾಣಿಸಿತು, ಕನ್ನಡಕದ ದೆಸೆಯಿಂದ.

ಹೊಲಿಗೆ ಬಿಚ್ಚಿದ ಜಾಗದಲ್ಲಿ ಸಾಲಾಗಿ ಸಣ್ಣ ತೂತುಗಳು ಉಳಿದವು. ಅವಕ್ಕೂ ಮದ್ದಿದೆ. ಉಗುರಿನಿಂದ ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಕೆರೆದು, ನೀರು ಚಿಮುಕಿಸಿ ಇಸ್ತ್ರಿ ಹಾಕಿದರೆ ಕಾಟನ್ನಿನಲ್ಲಿ ಮುಚ್ಚಿಕೊಳ್ಳುತ್ತವೆ. ರೇಷ್ಮೆಯಾದರೆ ಉಳಿದೇಬಿಡುತ್ತವೆ. ಕೆರೆದೂ ಕೆರೆದೂ ಉಗುರು ಸವೆಯಿತು. ಆ ತೂತಿನ ಸಾಲು ಹೇಗಿರುತ್ತದೆ ಎನ್ನುವುದು ಕಣ್ಣಿಗೆ ಅಂಟಿಕೊಂಡಿತು.

ಮತ್ತೆ ಗೆರೆ ಎಳೆಯಬೇಕಿತ್ತು. ಎಡಗಡೆಯ ಗೆರೆ ತಾನೇ ಎಂದು ಅಳತೆ ಬ್ಲೌಸನ್ನು ಒಳಮಗ್ಗುಲು ತಿರುಗಿಸಿ ಎಡಗಡೆ ನೋಡಿದೆ. ಅದೂ ಸೊಟ್ಟ! ಗುಬ್ಬಿಯ ಟೈಲರ್ ಮಹಾಶಯನೂ ನನ್ನ ಹಾಗೇ ದುರ್ಗದ ರೋಡು ಹಾಕಿದ್ದಾನೆ ಎಂದು ಸಂತೋಷ ಉಕ್ಕಿತು. ಗುರುವನ್ನು ಕರೆದು ತೋರಿಸಲು ಬಾಯಿ ತೆರೆದೆ. ಆಗ ಬಲಗಡೆ ನೋಡಿದೆ. ಬಲಗಡೆ ಮಾರ್ಜಿನ್ ಮೇಲೆ ಮೂರು ಹೊಲಿಗೆಯೂ ಹೇಗಿದ್ದವೋ ಹಾಗೇ ನೆಟ್ಟಗಿದ್ದವು.

ಎಡಗಡೆ ಮೆಷಿನ್ ಹೊಲಿಗೆ ಒಂದೂ ಇರಲಿಲ್ಲ. ಮೂರು ಸಾಲು ತೂತು ಇತ್ತು. ತೋಳಿನ ಅಂಚಿನಿಂದ ಕಂಕುಳು ದಾಟಿ ಎದೆಯ ಪಕ್ಕದವರೆಗೆ ಒಂದರ ಪಕ್ಕ ಒಂದು. ಮೂರನ್ನೂ ಯಾರೋ ಬಿಚ್ಚಿದ್ದರು, ಉಗುರಿನಲ್ಲಿ ಕೆರೆಯಬೇಕೆಂದು ತಿಳಿಯದವರು. ಬಟ್ಟೆ ಮುಗಿದುಹೋಗುವ ಅಂಚಿನಲ್ಲಿ ಕಪ್ಪು ದಾರದ ಕೈಹೊಲಿಗೆ ಇತ್ತು, ಉದ್ದಕ್ಕೊಂದು ಗಿಡ್ಡಕ್ಕೊಂದು. ಹೊರಗೆ ತಿರುಗಿಸಿದರೆ, ಒಳಗೆ ಮುಚ್ಚಿಕೊಂಡಿದ್ದ ಬಟ್ಟೆ ಹೊರಬಂದ ಕಡೆ ಪಟ್ಟೆ ಪಟ್ಟೆಯಾಗಿ ಕಾಣುತ್ತಿತ್ತು. ಮೊದಲು ಬಿಚ್ಚಿದ ಪಟ್ಟೆ ಒಗೆದು ಒಗೆದು ಮಾಸಿತ್ತು, ಅದರಾಚೆಯದು ಸ್ವಲ್ಪ ಕಡಿಮೆ ಮಾಸಿತ್ತು, ಕೊನೆಯದು ಇನ್ನೂ ಹೊಸ ಮೆರೂನ್. ಒಂದೇ ದಿನ ಬಿಚ್ಚಿದ್ದಲ್ಲ. ಎಡಗೈ ಊದುತ್ತಾ ಹೋದ ಹಾಗೆ ಅಮ್ಮನೇ ಒಂದೊಂದಾಗಿ ಬಿಚ್ಚಿಕೊಂಡಿದ್ದಾಳೆ. ಬಟ್ಟೆ ಮುಗಿದ ದಿನ ಬ್ಲೌಸ್ ಹಾಕುವುದನ್ನೇ ಬಿಟ್ಟಿದ್ದಾಳೆ.

ಎರಡು ವರ್ಷದ ಹಿಂದೆ ಅಮ್ಮನ ಎಡ ಎದೆಯ ಆಪರೇಷನ್ ಆಗಿತ್ತು. ಕ್ಯಾನ್ಸರ್ ಎಂದು ಆಸ್ಪತ್ರೆಯವರು ಹೇಳಿದರು. ನಮ್ಮ ಮನೆಯಲ್ಲಿ ಆ ಶಬ್ದವನ್ನು ಒಬ್ಬರೂ ಆಡಲಿಲ್ಲ. ವಾಸಿಯಾಯಿತು ಎಂದ ಮೇಲೆ ಎಲ್ಲರೂ ಅಮ್ಮನ ಸಕ್ಕರೆ, ಬಿಪಿ, ಮಂಡಿ ಕೇಳುತ್ತಿದ್ದೆವು. ಅದೊಂದನ್ನು ಮಾತ್ರ ಬಿಟ್ಟು.

"ಯಾಕ್ ಆಂಟಿ, ಬಟ್ಟೆ ಹರೀತಾ?" ಎಂದಳು ಗುರು.

"ಇಲ್ಲ" ಎಂದೆ. ಕನ್ನಡಕ ಮಂಜಾಗಿತ್ತು. ಒರೆಸಿಕೊಂಡು ಅವಳಿಗೆ ತೋರಿಸಿದೆ. ಅವಳು ಬೆರಳಿನಿಂದ ಆ ಮೂರು ಸಾಲನ್ನೂ ಸವರಿ, ಗೋಡೆಯ ಮೊಳೆಗೆ ಹಾಕಿದ್ದ ಅಳತೆ ಟೇಪು ತಂದು ನನ್ನ ಬ್ಯಾಗಿನಲ್ಲಿಟ್ಟಳು.

ಮರುದಿನ ಗುಬ್ಬಿಗೆ ಹೋದೆ. ಅಮ್ಮ ನೈಟಿಯಲ್ಲಿದ್ದಳು, ಎಡ ಭುಜದ ಮೇಲೆ ಟವೆಲ್ಲು. ಆ ಟವೆಲ್ಲನ್ನು ಎಷ್ಟು ತಿಂಗಳಿನಿಂದ ನೋಡುತ್ತಿದ್ದೆನೋ. ಸೆಕೆ ಎಂದುಕೊಂಡಿದ್ದೆ. ಅತ್ತಿಗೆ ಅಡುಗೆಮನೆಯಲ್ಲಿದ್ದಾಗ ಬಾಗಿಲು ಹಾಕಿ ಮೆರೂನ್ ಬ್ಲೌಸನ್ನು ಅವಳ ಮಡಿಲಿಗೆ ಹಾಕಿದೆ.

"ಕೈ ತೋರ್ಸು."

"ಎಂಥದೂ ಇಲ್ಲ ಬುಡು. ಸೊಳ್ಳೆ ಕಚ್ಚಿ ಬಾತಿತ್ತು, ಇಳ್ದೋಗ್ತದೆ."

"ಸೊಳ್ಳೆ ಕಚ್ಚಿದ್ರೆ ಮೂರ್ ಹೊಲಿಗೆ ಬಿಚ್ತಾರೇನಮ್ಮ?"

ಅವಳು ಬ್ಲೌಸನ್ನು ಮಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ಟವೆಲ್ಲು ತೆಗೆದಳು. ಭುಜದಿಂದ ಮೊಣಕೈವರೆಗೆ ಕೈ ಊದಿ ಬಿಗಿದುಕೊಂಡಿತ್ತು. ಬೆರಳಿಟ್ಟರೆ ಗುಳಿ ಬೀಳುತ್ತಿತ್ತು.

"ಮತ್ತೆ ಅದೇ ಬಂದದೇನೋ ಅಂತ ಕಣೇ" ಎಂದಳು, ಬಾಗಿಲ ಕಡೆ ನೋಡುತ್ತಾ. "ಹೇಳಿದ್ರೆ ನಿನ್ ತಂಗಿ ಮನೆ ಕೆಲ್ಸ ನಿಲ್ತದೆ. ಗೃಹಪ್ರವೇಶ ಆಗ್ಲಿ, ಆಮೇಲೆ ಹೇಳಣ ಅಂತಿದ್ದೆ. ಇದ್ನ ಕಟ್ಕೊಂಡು ಅಷ್ಟ್ ಜನದ ಮುಂದೆ ಹೆಂಗ್ ಬರ್ಲಿ?"

ನನಗೆ ಮೈಯೆಲ್ಲ ಉರಿಯಿತು. ಅವಳ ಮೇಲೋ ನಮ್ಮ ಮೇಲೋ ಗೊತ್ತಾಗಲಿಲ್ಲ. "ನೀನ್ ಸತ್ ಮೇಲೆ ಹೇಳ್ತಿದ್ಯಾ?" ಎಂದು ಕೂಗಿಬಿಟ್ಟೆ. ಅತ್ತಿಗೆ ಸೌಟು ಹಿಡಿದುಕೊಂಡೇ ಓಡಿ ಬಂದಳು. ಅದೇ ಮಧ್ಯಾಹ್ನ ಅಮ್ಮನನ್ನು ತುಮಕೂರಿಗೆ ಕರೆತಂದೆ. ದಾರಿಯುದ್ದಕ್ಕೂ ಅವಳ ಬಲಗೈ ನನ್ನ ಮಣಿಕಟ್ಟನ್ನು ಬಿಡಲಿಲ್ಲ.

ಪರೀಕ್ಷೆ ಎಲ್ಲ ಮುಗಿದ ಮೇಲೆ ಡಾಕ್ಟರು, ಮತ್ತೆ ಬಂದಿಲ್ಲ ಎಂದರು. ಆಪರೇಷನ್‌ನಲ್ಲಿ ಕಂಕುಳಿನ ಗ್ರಂಥಿಗಳನ್ನೂ ತೆಗೆದಿರುವುದರಿಂದ ಕೈಯಲ್ಲಿ ನೀರು ನಿಲ್ಲುತ್ತದೆ, ಬ್ಯಾಂಡೇಜು ಸುತ್ತಿ ವ್ಯಾಯಾಮ ಮಾಡಿಸಿದರೆ ಹಿಡಿತಕ್ಕೆ ಬರುತ್ತದೆ, ಪೂರ್ತಿ ಹೋಗುತ್ತದೆ ಎನ್ನಲಾರೆ ಎಂದರು. ಮೊದಲೇ ಬರಬೇಕಿತ್ತು ಎಂದೂ ಬೈದರು. ಅಮ್ಮ ಹೊರಗೆ ಬಂದು ಬೆಂಚಿನ ಮೇಲೆ ಕೂತು, ಸದ್ದಿಲ್ಲದೆ ಅತ್ತು, ಮೂಗೊರೆಸಿಕೊಂಡು, "ಬಿಗಿ ತೋಳು ಹಾಕ್ಬೇಡಿ ಅಂದ್ರಲ್ಲ, ಕೇಳಿಸ್ಕೊಂಡಾ?" ಎಂದಳು. ನನಗೆ ಕೆಲಸ ಹೇಳುವಷ್ಟು ಗೆಲುವಾಗಿದ್ದಳು.

ಮನೆಗೆ ಬಂದು ಮೊದಲ ಸಲ ಅವಳ ಎರಡೂ ಕೈಗೆ, ಎಡಕ್ಕೆ ಬ್ಯಾಂಡೇಜಿನ ಮೇಲೆಯೇ, ಟೇಪು ಹಿಡಿದೆ. ಎಡ ತೋಳು ಬಲಕ್ಕಿಂತ ನಾಲ್ಕು ಬೆರಳು ಅಗಲ ಬೇಕಿತ್ತು. ಅಷ್ಟು ಮಾರ್ಜಿನ್ ಯಾವ ಬ್ಲೌಸಿನಲ್ಲಿಯೂ ಇರುವುದಿಲ್ಲ. ಗುರು ಉಳಿದಿದ್ದ ಹಸಿರು ಬಟ್ಟೆಯಲ್ಲಿ ಎಡಕ್ಕೇ ಬೇರೆ ತೋಳು ಕತ್ತರಿಸಿ, ಕಂಕುಳಿನ ಕೆಳಗೆ ಸೇರಿಸಲು ಉದ್ದನೆಯ ಒಂದು ತುಂಡು ಕೊಟ್ಟಳು. ತೂತಿನ ಸಾಲು ಕಂಡ ದಿನ, ಬೇರೇನೂ ತೋಚದೆ, ನಾನು ಎಡ ಪಕ್ಕವನ್ನು ಹಳೆಯ ಅಳತೆಗೇ ಮತ್ತೆ ಹೊಲಿದು ಇಟ್ಟಿದ್ದೆ, ಜೀವಮಾನದಲ್ಲಿ ನನ್ನ ಕೈಯಿಂದ ಬಂದ ಮೊದಲ ನೆಟ್ಟಗಿನ ಹೊಲಿಗೆ. ಅದನ್ನೂ ಬಿಚ್ಚಿದೆ. ಬಿಚ್ಚುವುದರಲ್ಲಿ ನಾನು ಆಗಲೇ ಪಳಗಿದ್ದೆ.

ಗೃಹಪ್ರವೇಶದ ದಿನ ಅಮ್ಮ ಕುಣಿಗಲ್‌ಗೆ ಬಂದಳು. ಹಾಲು ಉಕ್ಕುವಾಗ ತಂಗಿಯ ಪಕ್ಕದಲ್ಲೇ ನಿಂತಿದ್ದಳು, ಎಡ ಭುಜದ ಮೇಲೆ ಸೆರಗನ್ನು ಗಟ್ಟಿಯಾಗಿ ಹೊದ್ದು. ಊಟಕ್ಕೆ ಕೂತಾಗ ತಂಗಿಯ ಅತ್ತೆ ಬಂದು ಎದುರಿಗೆ ಕೂತರು. ಬೇರೆಯವರ ಸೀರೆ, ಬ್ಲೌಸು, ಸೊಸೆಯಂದಿರಲ್ಲಿ ಐಬು ಹುಡುಕುವುದರಲ್ಲಿ ಅವರ ಸಮಕ್ಕೆ ಇಡೀ ತಾಲ್ಲೂಕಿನಲ್ಲಿ ಯಾರೂ ಇಲ್ಲ. ಅಮ್ಮ ನೀರಿನ ಲೋಟಕ್ಕೆ ಕೈ ಚಾಚಿದಾಗ ಸೆರಗು ಸ್ವಲ್ಪ ಜಾರಿತು. ಅತ್ತೆಯವರ ಕಣ್ಣು ಅಲ್ಲಿಗೇ ಹೋಯಿತು.

"ಏನ್ರೀ ಇದು, ಒಂದ್ ತೋಳು ದಪ್ಪ, ಒಂದ್ ತೋಳು ಸಣ್ಣ? ಯಾವ ಟೈಲರ್ರೀ ನಿಮ್ಗೆ ಹಿಂಗ್ ಕೆಡಿಸ್ ಕೊಟ್ಟಿದ್ದು?"

ಪಂಕ್ತಿಯಲ್ಲಿ ನಾಲ್ಕಾರು ತಲೆ ತಿರುಗಿದವು. ನಾನು ಬಡಿಸುತ್ತಿದ್ದ ಪಲ್ಯದ ಪಾತ್ರೆ ಹಿಡಿದುಕೊಂಡು ನಿಂತುಬಿಟ್ಟೆ. ಹೌದು, ಹೊಸ ಕಲಿಕೆ, ತಪ್ಪಾಗಿದೆ ಎಂದು ನಾನೇ ಹೇಳಿ ಮುಗಿಸಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಲೋಟ ಕೆಳಗಿಟ್ಟಳು. ಸೆರಗನ್ನು ಭುಜದಿಂದ ಪೂರ್ತಿ ಹಿಂದಕ್ಕೆ ಸರಿಸಿದಳು.

"ಟೈಲರ್ ಕೆಡಿಸಿಲ್ಲ ಕಣ್ರೀ. ನನ್ ಮಗ್ಳು ಹೊಲ್ದವ್ಳೆ, ಅಳತೆ ಹಿಡ್ದು. ನಂಗೆ ಕ್ಯಾನ್ಸರ್ ಆಗಿತ್ತು. ನನ್ ಕೈಯೇ ಹಿಂಗೆ" ಎಂದು ಹೇಳಿ, ನನ್ನ ಕಡೆ ತಿರುಗಿ ಎಲೆ ತೋರಿಸಿ, ಇನ್ನೊಂದು ಚೂರು ಪಲ್ಯ ಹಾಕು ಎಂದಳು.